ಯಾವ ಕಾರಣಕ್ಕೂ

ಕಾಗುಣಿತಮ್ಮ ಎಂಬುದು ಹೆತ್ತವರು ಇಟ್ಟ ಹೆಸರೇನಲ್ಲ. ಅಚ್ಚುಕೂಟವೊಂದರಲ್ಲಿ ಮೂವತ್ತೆರಡು ವರ್ಷ ಕರಡು ತಿದ್ದಿ ನಿವೃತ್ತಳಾಗಿ, ಈ ನಾಲ್ಕು ಬ್ಲಾಕಿನ ಅಪಾರ್ಟ್‌ಮೆಂಟಿಗೆ ಬಂದ ಮೊದಲ ವಾರವೇ ಆಕೆ ಲಿಫ್ಟಿನ ಪಕ್ಕದ ಸೂಚನೆಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿದ್ದಳು. ಆರು ಸಾಲಿನಲ್ಲಿ ಒಂಬತ್ತು ತಪ್ಪು. ಮರುದಿನದಿಂದ ಮಕ್ಕಳ ಬಾಯಲ್ಲಿ ಆಕೆ ಕಾಗುಣಿತಮ್ಮ, ವರ್ಷ ತುಂಬುವುದರೊಳಗೆ ದೊಡ್ಡವರ ಬಾಯಲ್ಲೂ ಅದೇ. ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದವರೇ ಸೊಸೈಟಿಗೆ ಒಂದು ಕಾಗದ ಬರೆಯಬೇಕಾದಾಗ ಮಾತ್ರ ಆಕೆಯ ಬಾಗಿಲು ತಟ್ಟುತ್ತಿದ್ದರು. ನೀರು ಸೋರಿದರೂ, ಮೇಲಿನ ಮನೆಯವರು ಮೇಜು ಎಳೆದರೂ ಕಾಗದ ಕಾಗುಣಿತಮ್ಮನದೇ. ವರ್ಷಕ್ಕೆ ಮೂವತ್ತಾದರೂ ಆಗುತ್ತಿತ್ತು.

ಈಗ ಆಕೆ ಬರೆಯುತ್ತಿದ್ದ ಕಾಗದ ಮಾತ್ರ ಆಕೆಯದೇ. ವಿಷಯ: ಭದ್ರತಾ ಏಜೆನ್ಸಿಯ ಕರಾರನ್ನು ಕೂಡಲೇ ಕೊನೆಗೊಳಿಸುವ ಬಗ್ಗೆ.

ಹೇಳಲು ಬೇಕಾದಷ್ಟಿತ್ತು. ಪಾಳಿಗೆ ಆರು ಜನ ಕಾವಲುಗಾರರೆಂದು ಕರಾರು, ಬರುತ್ತಿದ್ದವರು ನಾಲ್ವರು. ಆ ನಾಲ್ವರಲ್ಲಿ ಒಬ್ಬ ಕುರ್ಚಿಯಲ್ಲಿ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದ. ಬಂದವರನ್ನು ಯಾರು, ಏನು ಎಂದು ಕೇಳಿ ಮನೆಗೆ ಫೋನು ಮಾಡುವ ಪದ್ಧತಿ ಎಂದೋ ನಿಂತಿತ್ತು. ಮುಖ ಪರಿಚಯವಾಗುವಷ್ಟರಲ್ಲಿ ಆಳು ಬದಲು. ಕ್ಯಾಮೆರಾಗಳ ಪರದೆಯ ಮೇಲೆ ಟವೆಲ್ ಒಣಗುತ್ತಿತ್ತು. ಇಷ್ಟನ್ನೂ ಆಕೆ ಎರಡರಿಂದ ಆರರವರೆಗೆ ಅಂಕೆ ಹಾಕಿ ಬರೆದಳು. ಒಂದನೆಯದು ಬೇರೆ. ಉಳಿದ ಐದೂ ಅದರ ಬಾಲ ಹಿಡಿದು ಬಂದವು.

ಒಂದನೆಯದು ಮೂರು ತಿಂಗಳ ಹಿಂದಿನ ಒಂದು ಭಾನುವಾರದ ಮಧ್ಯಾಹ್ನ. ಆಕೆಯ ಗಂಡ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು, ಕೈ ತೊಳೆಯಲು ಬೇಸಿನ್ನಿನ ಹತ್ತಿರ ಹೋದವರು ಅಲ್ಲೇ ಕುಸಿದರು. ಬಾಯಿ ಒಂದು ಕಡೆಗೆ ಎಳೆದಿತ್ತು, ಬಲಗೈ ಬಿದ್ದುಹೋಗಿತ್ತು. ಆಂಬುಲೆನ್ಸ್ ಬೇಗನೇ ಬಂತು, ಅದೂ ಅವರ ಬ್ಲಾಕಿಗೆ ಹತ್ತೇ ಹೆಜ್ಜೆ ದೂರದ ಹಿಂದಿನ ಗೇಟಿಗೆ. ಗೇಟಿಗೆ ಬೀಗ. ಕಾಗುಣಿತಮ್ಮ ಕಿಟಕಿಯಿಂದ ಕೂಗಿದಳು. ಓಡಿ ಬಂದ ಕಾವಲುಗಾರ ಬೀಗ ಮುಟ್ಟಲಿಲ್ಲ.

"ಈ ಗೇಟ್ ತೆಗೆಯೋ ಹಾಗಿಲ್ಲಮ್ಮ, ಆರ್ಡರ್ ಇದೆ. ಕೀ ಆಫೀಸಲ್ಲಿದೆ. ಇವತ್ತು ಆಫೀಸಿಗೆ ರಜ."

"ಒಡೆಯಪ್ಪಾ ಹಾಗಾದ್ರೆ! ಕಲ್ಲು ತಗೊಂಡು ಒಡಿ!"

"ನನ್ನ ಕೆಲಸ ಹೋಗತ್ತಮ್ಮ," ಎಂದು ಅವನು ಅಳುಮೋರೆ ಮಾಡಿದ್ದ.

ಆಂಬುಲೆನ್ಸ್ ಹಿಂದೆ ಸರಿದು, ಒಂದೇ ದಿಕ್ಕಿನ ರಸ್ತೆಗಳನ್ನೆಲ್ಲ ಸುತ್ತಿ, ಮುಂದಿನ ಗೇಟಿಗೆ ಬಂದು ಒಳಗೆ ತಲುಪುವಷ್ಟರಲ್ಲಿ ಅಡುಗೆಮನೆಯ ಗಡಿಯಾರದಲ್ಲಿ ಹನ್ನೊಂದು ನಿಮಿಷ ಕಳೆದಿತ್ತು. ಮೇಷ್ಟ್ರು ಉಳಿದರು. ನಡಿಗೆಯೂ ಕೋಲಿನ ಆಸರೆಯಲ್ಲಿ ಬಂತು. ಮಾತು ಬರಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತದೆ, ಹೇಳಲು ಹೋದರೆ ಶಬ್ದ ಸಿಗುವುದಿಲ್ಲ. ಎಡಗೈಯಲ್ಲಿ ಬರೆಸಿ ನೋಡಿದರು. ಅಕ್ಷರಗಳೂ ಮಾತಿನ ಜೊತೆಗೇ ಹೋಗಿದ್ದವು. ಆ ಹನ್ನೊಂದು ನಿಮಿಷ ಉಳಿದಿದ್ದರೆ ಏನಾಗುತ್ತಿತ್ತು ಎಂದು ಕೇಳಿದ್ದಕ್ಕೆ ಡಾಕ್ಟರು, "ಎಷ್ಟು ಬೇಗ ಬಂದ್ರೆ ಅಷ್ಟು ಒಳ್ಳೇದು ಅಂತ ಹೇಳಬಹುದು, ಅಷ್ಟೇ," ಎಂದಿದ್ದರು. ಡಾಕ್ಟರುಗಳು ಅಳೆದು ಸುರಿದು ಮಾತಾಡುತ್ತಾರೆ. ಕೇಳಿದವರು ತಮಗೆ ಬೇಕಾದಷ್ಟನ್ನು ಮೊಗೆದುಕೊಳ್ಳುತ್ತಾರೆ.

ಎಲ್ಲರಿಗಿಂತ ಹೆಚ್ಚು ಮೊಗೆದುಕೊಂಡವಳು ನಾದಿನಿ. ಅಣ್ಣನ ಶುಶ್ರೂಷೆಗೆಂದು ತನ್ನ ಮನೆ, ಮಕ್ಕಳು, ಮೊಮ್ಮಕ್ಕಳನ್ನು ಬಿಟ್ಟು ಬಂದು ಮೂರು ತಿಂಗಳಿಂದ ಇಲ್ಲೇ ಇದ್ದಳು. ಅಣ್ಣನನ್ನು ಎತ್ತಿ ಕೂರಿಸುವುದು, ಗಡ್ಡ ಹೆರೆಯುವುದು, ತುತ್ತು ಗಂಟಲಿಗೆ ಸಿಕ್ಕದಂತೆ ಮೆತ್ತಗೆ ಮಾಡಿ ಉಣ್ಣಿಸುವುದು ಎಲ್ಲವೂ ಅವಳದೇ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಬಾಲ್ಕನಿಗೆ ಬಟ್ಟೆ ಹರವಲು ಹೋದಾಗಲೆಲ್ಲ ಕೆಳಗಿನ ಬೀಗ ಕಣ್ಣಿಗೆ ಬೀಳುತ್ತಿತ್ತು.

"ಆ ಬೀಗ ಹಾಕಿಸಿದೋರ ವಂಶ ಉದ್ಧಾರ ಆಗಲ್ಲ ಅತ್ತಿಗೆ. ನೀವು ಚೆನ್ನಾಗಿ ಖಾರವಾಗಿ ಬರೀರಿ. ನಿಮ್ಮ ವ್ಯಾಕರಣ ಎಲ್ಲ ಆಮೇಲೆ."

ಕಾಗುಣಿತಮ್ಮ ಖಾರವಾಗಿಯೇ ಬರೆದಳು, ವ್ಯಾಕರಣವನ್ನೂ ಬಿಡಲಿಲ್ಲ. "ಜೀವ ಹೋಗುತ್ತಿದ್ದರೂ ಗೇಟು ತೆರೆಯದ ಇಂಥ ಕಲ್ಲುಹೃದಯದ ನಿರ್ಲಕ್ಷ್ಯಕ್ಕೆ ಕ್ಷಮೆಯಿಲ್ಲ" ಎಂಬ ಸಾಲನ್ನು ಓದಿ ಎದುರು ಮನೆಯವಳು ಕಣ್ಣೊರೆಸಿಕೊಂಡು ಸಹಿ ಹಾಕಿದಳು. ನಾಲ್ಕು ದಿನದಲ್ಲಿ ಐವತ್ತೆಂಟು ಸಹಿಯಾಯಿತು. ಅದನ್ನೆಲ್ಲ ಫೈಲಿನಲ್ಲಿಟ್ಟುಕೊಂಡು ಆಕೆ ಸೊಸೈಟಿಯ ಕಾರ್ಯದರ್ಶಿಯನ್ನು ನೋಡಲು ಹೋದಳು.

ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾತಿ. ಕಾಗದವನ್ನು ಎರಡು ಸಲ ಓದಿ, ಕರಾರಿನ ಪ್ರತಿ ತೆಗೆದು, ಹದಿನಾಲ್ಕನೇ ಕಲಮಿನ ಮೇಲೆ ಬೆರಳಿಟ್ಟರು.

"ನೋಡಿ ಅಮ್ಮ, ದಾರಿ ಎರಡಿದೆ. ಸೇವೆ ಸರಿಯಿಲ್ಲ ಅಂದ್ರೆ ಮೂವತ್ತು ದಿನದ ನೋಟಿಸು ಕೊಡಬೇಕು. ಅದಕ್ಕೆ ಮುಂಚೆ ಎರಡು ಸಲ ಲಿಖಿತ ಎಚ್ಚರಿಕೆ ಹೋಗಿರಬೇಕು. ಒಂದು ಹೋಗಿದೆ, ಹೋದ ವರ್ಷ. ಅದೇ ಘೋರ ನಿರ್ಲಕ್ಷ್ಯ ಅಂತ ಆದ್ರೆ ನೋಟಿಸೇ ಬೇಡ, ಆ ಕ್ಷಣಕ್ಕೇ ಕಿತ್ತು ಹಾಕಬಹುದು. ನಿಮ್ಮ ಒಂದನೇ ಅಂಶ ಇದೆಯಲ್ಲ, ಅದು ಘೋರ ನಿರ್ಲಕ್ಷ್ಯವೇ. ಆದ್ರೆ ದಾಖಲೆ ಬೇಕು. ಗೇಟಿನ ಪುಸ್ತಕದಲ್ಲಿ ಅವತ್ತು ಏನು ಬರೆದಿದ್ದಾರೆ ಅಂತ ನಕಲು ಮಾಡಿಕೊಂಡು ಬನ್ನಿ. ಭಾನುವಾರದ ಸಭೆಯಲ್ಲಿ ಇಟ್ಟು ಠರಾವು ಮಾಡೋಣ. ಪತ್ರ ನಿಮ್ಮದೇ ಆದ್ರೂ ಕರಾರು ಮುರಿಯೋದು ಸೊಸೈಟಿಯೇ ತಾನೇ. ನಾಳೆ ಅವರು ಕೋರ್ಟಿಗೆ ಹೋದ್ರೆ ಉತ್ತರ ಹೇಳೋನು ನಾನು."

ಮರುದಿನ ಬೆಳಗ್ಗೆ ಹತ್ತಕ್ಕೆ ಆಕೆ ಕನ್ನಡಕ, ಪೆನ್ನು, ಹಾಳೆಗಳೊಂದಿಗೆ ಕಾವಲು ಕೊಠಡಿಗೆ ಹೋದಳು. ಕಬ್ಬಿಣದ ಮೇಜು, ಕಾಲು ಅಲುಗುವ ಸ್ಟೂಲು, ಮೊಳೆಗೆ ನೇತುಹಾಕಿದ ಎರಡು ಟೋಪಿ. ಮೀಸೆಯ ಸೂಪರ್‌ವೈಸರ್ ಎದ್ದು ನಿಂತ. ಕಾಗುಣಿತಮ್ಮ ಏನು ಬರೆಯುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಐವತ್ತೆಂಟು ಜನರ ಗುಟ್ಟು ಗೇಟಿಗೆ ತಿಳಿಯದೆ ಇರುತ್ತದೆಯೇ?

ಅವನು ಪುಸ್ತಕ ತೆರೆದು ಕೊಟ್ಟ. ಆ ಭಾನುವಾರದ ಸಾಲು ಅಲ್ಲಿತ್ತು: ಆಂಬುಲೆನ್ಸ್ ಹಿಂದಿನ ಗೇಟಿಗೆ 2.20, ಮುಂದಿನ ಗೇಟಿನಿಂದ ಒಳಗೆ 2.31. ಹನ್ನೊಂದು ನಿಮಿಷ ಅವರ ಕೈಯಲ್ಲೇ ದಾಖಲಾಗಿತ್ತು. ಇನ್ನೇನು ಬೇಕು? ಆಕೆ ನಕಲು ಮಾಡಿಕೊಂಡಳು.

"ಅವತ್ತಿನ ಆ ಮಹಾನುಭಾವ ಎಲ್ಲಿ?"

"ಅವನನ್ನ ಮಾರನೇ ದಿನವೇ ತೆಗೆದುಹಾಕಿದ್ರು ಅಮ್ಮ. ಗಲಾಟೆ ಆಯ್ತಲ್ಲ, ನಮ್ಮ ಮಾಲೀಕರು ಹೆದರಿಬಿಟ್ರು." ಸೂಪರ್‌ವೈಸರ್ ಪುಸ್ತಕ ಮುಚ್ಚುತ್ತ ಹೇಳಿದ: "ನಾವು ನಿದ್ದೆ ಮಾಡ್ತೀವಿ ಅಂತ ಬರೀರಿ, ಒಪ್ಕೋತೀನಿ. ಆಳು ಕಮ್ಮಿ ಅನ್ನಿ, ಅದೂ ನಿಜ. ಆದ್ರೆ ಅವನು ಅವತ್ತು ಮಾಡಿದ್ದು ತಪ್ಪಲ್ಲಮ್ಮ. ಇಲ್ಲಿ ನೋಡಿ, ಸೊಸೈಟಿ ಆರ್ಡರು."

ಅವನು ಡ್ರಾಯರಿನಿಂದ ಆದೇಶಗಳ ಫೈಲು ತೆಗೆದು ಒಂದು ಹಾಳೆ ತೋರಿಸಿದ. ಎರಡು ವರ್ಷದ ಹಿಂದಿನದು, ಹಳೆಯ ಕಾರ್ಯದರ್ಶಿಯ ಸಹಿ, ಸೊಸೈಟಿಯ ಮೊಹರು. ಒಂದೇ ವಾಕ್ಯ.

"ಹಿಂದಿನ ಗೇಟಿಗೆ ಸದಾ ಬೀಗ ಹಾಕಿರತಕ್ಕದ್ದು; ಯಾವ ಕಾರಣಕ್ಕೂ, ಯಾರು ಕೇಳಿದರೂ ತೆರೆಯಕೂಡದು."

ಕಾಗುಣಿತಮ್ಮ ಮೊದಲು ನೋಡಿದ್ದು ಅರ್ಥವನ್ನಲ್ಲ, ಅರ್ಧವಿರಾಮವನ್ನು. ಈ ನಾಲ್ಕು ಬ್ಲಾಕಿನಲ್ಲಿ ಅರ್ಧವಿರಾಮ ಹಾಕಿ ಬರೆಯುವವರು ಒಬ್ಬರೇ. ಹಳೆಯ ಕಾರ್ಯದರ್ಶಿ ಪೂರ್ಣವಿರಾಮವನ್ನೇ ಮರೆಯುತ್ತಿದ್ದ ಮನುಷ್ಯ. ಆಕೆಯ ಕಾಗದದಿಂದ ಆ ವಾಕ್ಯವನ್ನು ಇದ್ದ ಹಾಗೇ ಎತ್ತಿ ಆದೇಶವೆಂದು ಅಚ್ಚು ಹಾಕಿಸಿದ್ದ.

ತಾನು ಬರೆದದ್ದನ್ನು ತಾನೇ ಮರೆತಳೇ ಎಂದು ಯಾರಾದರೂ ಕೇಳಬಹುದು. ಮರೆತಿದ್ದಳು. ಸಾಮಾನು ತಂದುಕೊಡುವ ಬೈಕುಗಳು ಆ ಗೇಟಿನಿಂದ ನುಗ್ಗಿ ಮಲಗುವ ಕೋಣೆಯ ಕಿಟಕಿಯ ಕೆಳಗೆ ಹಾರ್ನ್ ಹೊಡೆಯುತ್ತಿದ್ದವು. ಮೇಷ್ಟ್ರಿಗೆ ಮಧ್ಯಾಹ್ನದ ನಿದ್ದೆ ಹಾಳಾಗುತ್ತಿತ್ತು. ಆಕೆ ಕಾಗದ ಬರೆದಳು, ಬೈಕುಗಳು ನಿಂತವು, ಮೇಷ್ಟ್ರು ನಿದ್ದೆ ಮಾಡಿದರು. ಹಾರ್ನ್ ನಿಂತದ್ದು ನೆನಪಿನಲ್ಲಿತ್ತು, ಬೀಗ ಬಿದ್ದದ್ದು ಇರಲಿಲ್ಲ. ವರ್ಷಕ್ಕೆ ಮೂವತ್ತು ಕಾಗದ ಬರೆಯುವವರಿಗೆ ಯಾವುದು ಎಲ್ಲಿ ಹೋಗಿ ನಾಟಿತೆಂದು ತಿಳಿಯುವುದಿಲ್ಲ.

ಸ್ಟೂಲಿನ ಮೇಲೆ ಕೂತ ಮೇಲೆ ಉಳಿದದ್ದೂ ನೆನಪಾಯಿತು. ಅದು ನೆನಪಾಗದಿದ್ದರೆ ಚೆನ್ನಾಗಿತ್ತು. ಆ ಕರಡನ್ನು ಆಕೆ ಗಂಡನಿಗೆ ಓದಿ ಹೇಳಿದ್ದಳು. ಮೇಷ್ಟ್ರು ಪೇಪರಿನಿಂದ ತಲೆಯೆತ್ತಿ, "'ತುರ್ತು ಇದ್ದರೆ ಹೊರತು' ಅಂತ ಸೇರಿಸೇ," ಎಂದಿದ್ದರು. ಸೇರಿಸಿದ್ದಳು. ಆಮೇಲೆ ಶುದ್ಧಪ್ರತಿ ಮಾಡುವಾಗ ಮೂವತ್ತೆರಡು ವರ್ಷದ ಕೈ ತಡೆಯಲಿಲ್ಲ. 'ಯಾವ ಕಾರಣಕ್ಕೂ' ಎಂದ ಮೇಲೆ 'ಹೊರತು' ಎಲ್ಲಿಂದ ಬಂತು? ವಾಕ್ಯ ತನ್ನನ್ನು ತಾನೇ ಅಲ್ಲಗಳೆಯುತ್ತದೆ. ಅಲ್ಲದೆ ಪಿಜ್ಜಾ ತಂದವನಿಗೂ ತುರ್ತೇ. ಒಂದು ಗೆರೆ ಎಳೆದಳು. ವಾಕ್ಯ ಚೊಕ್ಕಟವಾಯಿತು.

"ನೀರು ಕುಡೀತೀರಾ ಅಮ್ಮ?" ಎಂದ ಸೂಪರ್‌ವೈಸರ್.

ಬೇಡವೆಂದು ಆಕೆ ಎದ್ದಳು. ಬೇಕಿದ್ದರೆ ಅಲ್ಲಿಂದ ಹಾಗೇ ಸುಮ್ಮನೆ ಬರಬಹುದಿತ್ತು. ಆದೇಶದ ಮೇಲೆ ಇದ್ದದ್ದು ಹಳೆಯ ಕಾರ್ಯದರ್ಶಿಯ ಸಹಿ, ಆತ ಮನೆ ಮಾರಿ ಹೋಗಿ ವರ್ಷವಾಗಿತ್ತು. ಆಕೆಯ ಕಾಗದ ಯಾವ ಕಪಾಟಿನ ತಳದಲ್ಲಿತ್ತೋ. ಅರ್ಧವಿರಾಮ ನೋಡಿ ಕಳ್ಳರನ್ನು ಹಿಡಿಯುವ ಪೊಲೀಸರು ಎಲ್ಲೂ ಇಲ್ಲ. ಕಾಗದ ಬರೆದದ್ದು ಗೊತ್ತಿದ್ದ ಇನ್ನೊಬ್ಬರಿಗೆ ಮಾತಿರಲಿಲ್ಲ.

ಈ ಕೊನೆಯ ಯೋಚನೆ ಮೆಟ್ಟಿಲ ಮೇಲೆ ಬಂತು. ಬಂದದ್ದಕ್ಕೆ ಆಕೆಗೆ ತನ್ನ ಮೇಲೇ ಅಸಹ್ಯವಾಯಿತು. ಹತ್ತಿದ ಮೆಟ್ಟಿಲನ್ನು ಮತ್ತೆ ಇಳಿದಳು.

ಅಲ್ಲಿಂದ ನೇರ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ, ಒಂದನೇ ಅಂಶ ತೆಗೆಯಬೇಕು, ಕಾರಣ ಇದು ಎಂದು ಹೇಳಿದಳು. ಡಾಕ್ಟರು ಗವಸು ಬಿಚ್ಚುತ್ತ ಕೇಳಿಸಿಕೊಂಡರು.

"ಅಮ್ಮ, ಒಂದು ಮಾತು ಹೇಳಲಾ? ನೀವು ಅರ್ಜಿ ಕೊಟ್ಟಿರಿ, ಆದೇಶ ಮಾಡಿದ್ದು ಕಮಿಟಿ. ತುರ್ತಿಗೆ ಏನು ಮಾಡಬೇಕು ಅಂತ ಯೋಚನೆ ಮಾಡಬೇಕಿದ್ದೋರು ಅವರು. ಒಂದು ಫೋನ್ ಮಾಡಿ ಕೇಳೋ ಬುದ್ಧಿ ಆ ಕಾವಲಿನವನಿಗೂ ಇರಬೇಕಿತ್ತು. ಇದನ್ನೆಲ್ಲ ನೀವೊಬ್ಬರೇ ಯಾಕೆ ತಲೆ ಮೇಲೆ ಹೊತ್ಕೋತೀರಿ?"

"ಹೊತ್ಕೊಳ್ಳೋದಲ್ಲ ಡಾಕ್ಟ್ರೇ. ಕಾಗದದಲ್ಲಿ ಸುಳ್ಳಿದೆ, ತೆಗೀಬೇಕು."

"ತೆಗೆದ್ರೆ ಏಜೆನ್ಸಿ ಉಳಿದುಕೊಳ್ಳುತ್ತೆ. ಐವತ್ತೆಂಟು ಜನ ಸಹಿ ಹಾಕಿದ್ದು ಆ ಒಂದನೇ ಅಂಶ ಓದಿ. ಟವೆಲ್ ಒಣಗಿಸಿದ್ದಕ್ಕೆ ಯಾರು ಸಹಿ ಹಾಕ್ತಾರೆ? ಬಿಡಿ, ಯಾರಿಗೂ ಗೊತ್ತಾಗಲ್ಲ."

ಸಹಿ ಹಾಕಿಸಿಕೊಂಡ ಮೇಲೆ ಕಾಗದ ತಿದ್ದುವ ಹಾಗಿಲ್ಲ, ಅದು ಆಕೆಗೂ ಗೊತ್ತು. ಸಭೆಯಲ್ಲೇ ಹೇಳುತ್ತೇನೆಂದು ಎದ್ದು ಬಂದಳು. ಮನೆಯಲ್ಲಿ ನಾದಿನಿಗೆ ಹೇಳಲು ಶುಕ್ರವಾರ ಒಂದು ಸಲ ಬಾಯಿ ತೆರೆದಳು, ಶನಿವಾರ ಎರಡು ಸಲ. ಮೂರು ಸಲವೂ ನಾದಿನಿ ಅಣ್ಣನ ಬಾಯಿ ಒರೆಸುತ್ತಿದ್ದಳು. ಹೇಳಲಾಗಲಿಲ್ಲ. ಕಾಗುಣಿತಮ್ಮ ಹೇಡಿಯಲ್ಲ, ಆದರೆ ನೂರು ಜನರ ಸಭೆಗೆ ಹೆದರದವರೂ ಮನೆಯೊಳಗಿನ ಒಂದು ಬಾಯಿಗೆ ಹೆದರುತ್ತಾರೆ.

ಭಾನುವಾರ ಹನ್ನೊಂದಕ್ಕೆ ಕಮ್ಯುನಿಟಿ ಹಾಲ್ ತುಂಬಿತ್ತು. ಸಾಮಾನ್ಯವಾಗಿ ಹದಿನೈದು ಜನ ಸೇರುವ ಸಭೆಗೆ ಅಂದು ಕುರ್ಚಿ ಸಾಲಲಿಲ್ಲ. ಎದುರು ಮನೆಯವಳನ್ನು ಮೇಷ್ಟ್ರ ಹತ್ತಿರ ಕೂರಿಸಿ ನಾದಿನಿಯೂ ಬಂದು ಮುಂದಿನ ಸಾಲಿನಲ್ಲಿ ಸೆರಗು ಬಿಗಿದು ಕೂತಳು. ಏಜೆನ್ಸಿಯ ಮಾಲೀಕ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಾಗಿಲ ಬಳಿ ನಿಂತಿದ್ದ. ಡಾಕ್ಟರು ಕಾಗದ ಓದಿದರು. ಒಂದನೇ ಅಂಶಕ್ಕೆ ಬಂದಾಗ ಹಾಲಿನಲ್ಲಿ ಗುಸುಗುಸು ಎದ್ದಿತು. ಕಾಗುಣಿತಮ್ಮ ಎದ್ದು ನಿಂತಳು.

"ಒಂದನೇ ಅಂಶ ವಾಪಸ್ ತಗೋತೀನಿ. ಆ ಗೇಟಿಗೆ ಬೀಗ ಹಾಕಿ, ಯಾವ ಕಾರಣಕ್ಕೂ ತೆಗೀಬೇಡಿ ಅಂತ ಎರಡು ವರ್ಷದ ಹಿಂದೆ ಸೊಸೈಟಿಗೆ ಬರೆದುಕೊಟ್ಟೋಳು ನಾನೇ. ತುರ್ತು ಇದ್ದರೆ ತೆಗೀಬೇಕು ಅನ್ನೋ ಮಾತು ಅದರಲ್ಲಿತ್ತು. ಹೊಡೆದು ಹಾಕಿದೋಳೂ ನಾನೇ. ಆ ಕಾವಲಿನವನು ನನ್ನ ಮಾತನ್ನ ಅಕ್ಷರ ಬಿಡದೆ ಪಾಲಿಸಿದ. ಅದಕ್ಕೆ ಅವನ ಕೆಲಸ ಹೋಯ್ತು. ಅವನನ್ನ ವಾಪಸ್ ತಗೋಬೇಕು. ಎರಡರಿಂದ ಆರು ನಿಜ, ಅದರ ಮೇಲೆ ಏನು ಮಾಡ್ತೀರೋ ಮಾಡಿ."

ಏಜೆನ್ಸಿಯ ಮಾಲೀಕನ ಮುಖದಲ್ಲಿ ಕಳೆ ಬಂತು. ನಮ್ಮ ಹುಡುಗರು ಆರ್ಡರ್ ಅಂದ್ರೆ ಪ್ರಾಣ ಸಾರ್, ಎಂದು ಶುರು ಮಾಡಿದ. ಪ್ರಾಣದ ಮಾತು ಅಲ್ಲಿ ಆಡಬಾರದಿತ್ತೆಂದು ತಡವಾಗಿ ಹೊಳೆದು ನಿಲ್ಲಿಸಿದ. ಆ ಕಾವಲುಗಾರ ಈಗೆಲ್ಲಿದ್ದಾನೋ ತನಗೆ ತಿಳಿಯದೆಂದ. ಮೂರನೇ ಸಾಲಿನಿಂದ ಯಾರೋ, ನಮ್ಮ ಕೈಲೆಲ್ಲ ಸುಮ್ಮನೆ ಸಹಿ ಹಾಕಿಸಿದ್ರಲ್ಲ ಎಂದು ಗೊಣಗಿದರು. ಕೊನೆಗೆ ಡಾಕ್ಟರು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡದ್ದು ಇಷ್ಟು: ಏಜೆನ್ಸಿಗೆ ಎರಡನೇ ಲಿಖಿತ ಎಚ್ಚರಿಕೆ, ಒಂದು ತಿಂಗಳಲ್ಲಿ ಸುಧಾರಿಸದಿದ್ದರೆ ಮೂವತ್ತು ದಿನದ ನೋಟಿಸು, ಹಿಂದಿನ ಗೇಟಿನ ಕೀಲಿ ಇಂದಿನಿಂದ ಕಾವಲು ಕೊಠಡಿಯಲ್ಲಿ. ಎಚ್ಚರಿಕೆಯ ಕಾಗದವನ್ನು ಈ ಸಲ ಡಾಕ್ಟರೇ ಬರೆದರು. ಯಾರೂ ಕಾಗುಣಿತಮ್ಮನ ಕಡೆ ನೋಡಲಿಲ್ಲ.

ನಾದಿನಿ ಮಾತ್ರ ನೋಡುತ್ತಿದ್ದಳು. ಸಭೆ ಮುಗಿಯುವ ಮುಂಚೆಯೇ ಎದ್ದು ಹೋದಳು.

ಕಾಗುಣಿತಮ್ಮ ಮನೆಗೆ ಬರುವಷ್ಟರಲ್ಲಿ ಅಣ್ಣನಿಗೆ ಊಟ ಮಾಡಿಸಿ ಆಗಿತ್ತು. ನಾದಿನಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದಳು. ಬೈದಿದ್ದರೆ ಸಹಿಸಬಹುದಿತ್ತು. ಅವಳು ಬೈಯಲಿಲ್ಲ.

"ಅತ್ತಿಗೆ, ನಾನು ಸಂಜೆ ಬಸ್ಸಿಗೆ ಹೊರಡ್ತೀನಿ. ಮೊಮ್ಮಗೂಗೆ ಮೈ ಸರಿಯಿಲ್ಲವಂತೆ."

ಮೊಮ್ಮಗು ಚೆನ್ನಾಗಿಯೇ ಇದೆಯೆಂದು ಇಬ್ಬರಿಗೂ ಗೊತ್ತಿತ್ತು.

"ನೀನು ಹೋಗಬೇಡ ಅನ್ನೋಕೆ ನನಗೆ ಮುಖ ಇಲ್ಲ," ಎಂದಳು ಕಾಗುಣಿತಮ್ಮ.

"ಇದ್ದು ದಿನಾ ನಿಮ್ಮ ಮುಖ ನೋಡೋಕೆ ನನಗೂ ಆಗಲ್ಲ. ಸಿಟ್ಟು ಇಳಿದ ಮೇಲೆ ಬರ್ತೀನಿ. ಯಾವಾಗ ಇಳಿಯುತ್ತೋ ಗೊತ್ತಿಲ್ಲ." ಕೈ ಒರೆಸಿಕೊಂಡು ಬಾಗಿಲವರೆಗೆ ಹೋದವಳು ತಿರುಗಿದಳು. "ಊರಿಗೆಲ್ಲ ಹೇಳಿದಿರಿ. ಅವನಿಗೆ ಹೇಳಿದೀರಾ?"

ಮೇಷ್ಟ್ರು ಕಿಟಕಿಯ ಬಳಿ ಆರಾಮ ಕುರ್ಚಿಯಲ್ಲಿ ಕೂತಿದ್ದರು. ಕಾಗುಣಿತಮ್ಮ ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ಸಭೆಯಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದಳು. ಸಭೆಯಲ್ಲಿ ಹೇಳದೆ ಇದ್ದದ್ದನ್ನೂ ಹೇಳಿದಳು.

"ರೀ, ಸೇರಿಸು ಅಂತ ನೀವು ಹೇಳಿದ್ರಿ. ನಾನು ಹೊಡೆದು ಹಾಕಿದ್ದು ನಿಮಗೆ ಗೊತ್ತೇ ಇಲ್ಲ. ವಾಕ್ಯ ಚೆನ್ನಾಗಿ ಕಾಣಲಿ ಅಂತ ಹೊಡೆದು ಹಾಕಿದೆ. ನನ್ನ ಮೇಲೆ ಕೋಪನಾ?"

ಅವರು ತಲೆಯಾಡಿಸಿದರು. ಹೌದು ಎನ್ನುವ ಹಾಗೆ. ಆಮೇಲೆ ಇಲ್ಲ ಎನ್ನುವ ಹಾಗೂ ಆಡಿಸಿದರು. ಹೌದೂ ಇಲ್ಲವೂ ಅವರಿಗೆ ಅದಲುಬದಲಾಗುತ್ತವೆಂದು ಮಾತು ಕಲಿಸಲು ಬರುವಾಕೆ ಹೇಳಿದ್ದಳು, ಯಾವುದನ್ನು ನಂಬಬೇಕು? ಅವರು ಎಡಗೈಯಿಂದ ಹೆಂಡತಿಯ ಮಣಿಕಟ್ಟು ಹಿಡಿದುಕೊಂಡರು. ಬಾಯಿ ತೆರೆದರು. ಗಂಟಲ ನರ ಉಬ್ಬಿತು, ತುಟಿ ಒಂದು ಶಬ್ದದ ಆಕಾರಕ್ಕೆ ಬಂದು ನಡುಗಿತು, ಕುಸಿಯಿತು. ಮತ್ತೆ ಬಂತು, ಮತ್ತೆ ಕುಸಿಯಿತು.

ಮೂವತ್ತೆರಡು ವರ್ಷ ಬೇರೆಯವರ ವಾಕ್ಯ ಮುಗಿಸಿಕೊಟ್ಟವಳು, ಮೂರು ತಿಂಗಳಿಂದ ಗಂಡನ ಬಾಯಲ್ಲಿ ಅರ್ಧಕ್ಕೆ ನಿಂತ ಮಾತನ್ನೆಲ್ಲ ನೀರಾ, ಕನ್ನಡಕವಾ ಎಂದು ಊಹಿಸಿ ಪೂರ್ತಿ ಮಾಡಿಕೊಟ್ಟವಳು, ಈ ಒಂದು ಮಾತನ್ನು ಊಹಿಸಲಿಲ್ಲ. ಪರವಾಗಿಲ್ಲ ಎಂದು ಮುಗಿಸಲು ಆಕೆಗೆ ಹಕ್ಕಿರಲಿಲ್ಲ. ನಿನ್ನಿಂದಲೇ ಎಂದು ಮುಗಿಸಲು ಧೈರ್ಯವಿರಲಿಲ್ಲ. ಬಾಗಿಲಲ್ಲಿ ನಾದಿನಿ ಚೀಲ ಹಿಡಿದು ನಿಂತಿದ್ದಳು.

"ಹೇಳಿ," ಎಂದಳು ಕಾಗುಣಿತಮ್ಮ. "ಎಷ್ಟು ಹೊತ್ತಾದರೂ ಆಗಲಿ, ನೀವೇ ಹೇಳಿ."

ಅವರು ಮತ್ತೆ ಬಾಯಿ ತೆರೆದರು.